ಹಬ್ಬದ ಸೇಲಿನ ನಾಲ್ಕು ಸಾಲು

ತುಮಕೂರಿನ ಎಂ.ಜಿ. ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ದೀಪಾವಳಿಗೆ ಮುಂಚಿನ ವಾರ ನಿಂತರೆ, ಮೈಕ್ ಕಟ್ಟಿದ ಪ್ರಚಾರದ ಆಟೊಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಬಟ್ಟೆ ಅಂಗಡಿಯದೊಂದು, ಪಾತ್ರೆ ಅಂಗಡಿಯದೊಂದು, ಚಪ್ಪಲಿಯದೊಂದು. ಎಲ್ಲದರಲ್ಲೂ ಹಾಡಿದೆ, ಎಲ್ಲದರಲ್ಲೂ ಪ್ರಾಸವಿದೆ. ಆದರೂ ಮನೆಗೆ ಬರುವಷ್ಟರಲ್ಲಿ ನಾಲಿಗೆಯ ಮೇಲೆ ಉಳಿಯುವುದು ಹತ್ತರಲ್ಲಿ ಒಂದೋ ಎರಡೋ. ಕಂಠವೂ ವಾದ್ಯವೂ ಹೆಚ್ಚುಕಡಿಮೆ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ಜಿಂಗಲ್ ಬರೆಯುವವರು ಪ್ರಾಸವನ್ನು ಸಾಲಿನ ತಪ್ಪು ತುದಿಯಲ್ಲಿ ಹುಡುಕುತ್ತಾರೆ ಎಂಬುದು ನನ್ನ ವಾದ. ಸಾಲಿನ ಕೊನೆಯಲ್ಲಿ ಕೂತ ಪ್ರಾಸ ಕನ್ನಡದಲ್ಲಿ ತೀರಾ ಅಗ್ಗ. ಕಿವಿಯನ್ನು ಹಿಡಿದು ನಿಲ್ಲಿಸುವುದು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ.

ಅಗ್ಗ ಏಕೆಂದರೆ ಅದನ್ನು ನಮ್ಮ ವ್ಯಾಕರಣವೇ ಪುಕ್ಕಟೆ ಕೊಡುತ್ತದೆ. ಅಂಗಡಿಯಲ್ಲಿ, ಪೇಟೆಯಲ್ಲಿ, ಹಬ್ಬದಲ್ಲಿ ಎಂದು ವಿಭಕ್ತಿ ಹಚ್ಚಿದರೆ ಸಾಕು, ಸಾಲುಗಳ ಬಾಲ ಒಂದೇ ಆಗುತ್ತದೆ. ಬನ್ನಿ, ನೋಡಿ, ಕೊಳ್ಳಿ ಎಂದರೂ ಅಷ್ಟೆ. ಯಾವ ಪದವನ್ನಾದರೂ ತಂದು ಕೂರಿಸಬಹುದಾದ ಜಾಗದಲ್ಲಿ ಸಿಗುವ ಪ್ರಾಸ ಕೇಳುಗನಿಗೆ ಅಚ್ಚರಿಯನ್ನೇನೂ ಕೊಡುವುದಿಲ್ಲ. ಅಂತ್ಯಪ್ರಾಸ ಬೇಕೇ ಬೇಕೆಂದರೆ ಪ್ರತ್ಯಯಗಳನ್ನು ಬಿಟ್ಟು ಮೂಲ ಪದಗಳನ್ನೇ ಜೊತೆಮಾಡಬೇಕು: ಸೀರೆಗೆ ಬೇರೆ, ದುಡ್ಡಿಗೆ ಲಡ್ಡು. ಹುಡುಕುವ ಶ್ರಮ ಅಲ್ಲಿದೆ, ಕೇಳುವ ಖುಷಿಯೂ ಅಲ್ಲೇ ಇದೆ.

ಇನ್ನು ಹಾಡಿನ ಅಳತೆ. ಆಟೊ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 5 ಮೀಟರ್. ಪೇಟೆಯ ಗದ್ದಲದಲ್ಲಿ ಮೈಕಿನ ಪದಗಳು ಆಚೆ 40, ಈಚೆ 40 ಮೀಟರ್ ಸ್ಪಷ್ಟವಾಗಿ ಕೇಳಿದರೆ, ರಸ್ತೆ ಬದಿಯಲ್ಲಿ ನಿಂತವರಿಗೆ ದಕ್ಕುವುದು 16 ಸೆಕೆಂಡು ಮಾತ್ರ. ಅಷ್ಟರಲ್ಲಿ ಹಾಡು ಒಂದು ಸುತ್ತು ಮುಗಿಯಬೇಕು. ನಾಲ್ಕು ಮಾತ್ರೆಯ ನಾಲ್ಕು ಗಣಗಳ ಸಾಲು, ಅಂಥವು ನಾಲ್ಕು ಎಂದರೆ 64 ಮಾತ್ರೆ. ಸೆಕೆಂಡಿಗೆ ಐದು ಮಾತ್ರೆಯಂತೆ ಹಾಡಿದರೆ 13 ಸೆಕೆಂಡು. ಉಳಿದ ಮೂರು ಸೆಕೆಂಡಿನಲ್ಲಿ ಊರು ಮತ್ತು ಅಂಗಡಿಯ ಹೆಸರು. ಬಟ್ಟೆ ಅಂಗಡಿಯೊಂದಕ್ಕೆಂದು ಇಲ್ಲೇ ಕಟ್ಟಿ ನೋಡೋಣ:

ಹಬ್ಬಕೆ ಬಂದಿತು ರೇಶಿಮೆ ಸೀರೆ
ಅಬ್ಬಾ ಎನ್ನುವ ರೇಟೇ ಬೇರೆ
ಮಕ್ಕಳ ಅಂಗಿಗೆ ಅರ್ಧವೆ ದುಡ್ಡು
ಮಿಕ್ಕಿದ ಕಾಸಿಗೆ ತಿನ್ನೀ ಲಡ್ಡು

ಮೊದಲ ಪದವನ್ನೇ ನೋಡಿ. ಆಡುವಾಗ ನಾವು ಹೇಳುವುದು ‘ಹಬ್ಬಕ್ಕೆ’. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗಿ ಎರಡು ಮಾತ್ರೆ ತಿನ್ನುವುದರಿಂದ ಅದು 2, 2, 1, ಒಟ್ಟು ಐದು. ಹಾಗೆಯೇ ಹಾಡಿದರೆ ಚಪ್ಪಾಳೆ ಪದದ ನಡುವೆ ಬಿದ್ದು ಹಾಡು ಮೊದಲ ಹೆಜ್ಜೆಗೇ ಎಡವುತ್ತದೆ. ಒಂದು ಕಕಾರ ಬಿಟ್ಟು ‘ಹಬ್ಬಕೆ’ ಎಂದರೆ ನಾಲ್ಕು. ‘ರೇಷ್ಮೆ’ ಮೂರೇ ಮಾತ್ರೆ, ಬಿಡಿಸಿ ‘ರೇಶಿಮೆ’ ಎಂದರೆ ನಾಲ್ಕು. ಕೊನೆಯ ಸಾಲಿಗೆ ‘ತಿನ್ನಿರಿ’ ಎಂದು ಬರೆದರೆ ಲೆಕ್ಕ ಸರಿಹೋಗುತ್ತದೆ, ಆದರೆ ತುಮಕೂರಿನ ಬೀದಿಯಲ್ಲಿ ಹಾಗೆ ಮಾತಾಡುವವರಿಲ್ಲ. ‘ತಿನ್ನಿ’ ಎಂದೇ ಬರೆದು ಕೊನೆಯ ಸ್ವರ ಎಳೆದರಾಯಿತು. ಕೂಗಿ ಕರೆಯುವಾಗ ನಾವು ಎಳೆಯುವುದು ಹಾಗೆಯೇ. ಸಾಲಿನ ಕೊನೆಯ ಗಣಗಳು ಮೂರು ಮಾತ್ರೆಯವು. ಅಲ್ಲಿ ಉಳಿದ ಒಂದು ಮಾತ್ರೆ ಹಾಡುವವರ ಉಸಿರಿಗೆ. ಈ ಬಿಡುವು ಇಲ್ಲದ ಜಿಂಗಲನ್ನು ಮಕ್ಕಳು ಎರಡನೇ ಸಲ ಹಾಡುವುದಿಲ್ಲ; ಉಸಿರು ಕಟ್ಟುತ್ತದೆ.

ಹಬ್ಬ–ಅಬ್ಬಾ, ಮಕ್ಕಳ–ಮಿಕ್ಕಿದ: ಇದೇ ಆದಿಪ್ರಾಸ. ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದರ ಹಿಂದಿನದು ಎರಡೂ ಕಡೆ ಗುರುವೋ ಲಘುವೋ ಆಗಿರಬೇಕು, ಸ್ವರ ಬದಲಾಗಬಹುದು. ‘ಗೋವಿಂದ ಪೈಗಳು 1911ರಷ್ಟು ಹಿಂದೆಯೇ ಬಿಟ್ಟ ಕಟ್ಟಳೆಯನ್ನು ಈಗ ಸೀರೆ ಮಾರಲು ಎಬ್ಬಿಸುವುದೇ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಕವಿಗಳು ಬಿಟ್ಟದ್ದು ಕಟ್ಟಳೆಯನ್ನು, ಜನ ಕಿವಿಯನ್ನು ಬಿಡಲಿಲ್ಲ. ಸುತ್ತಮುತ್ತ, ಅಕ್ಕಪಕ್ಕ, ಹಳ್ಳಕೊಳ್ಳ, ಕಷ್ಟನಷ್ಟ, ಅಡ್ಡಾದಿಡ್ಡಿ: ಛಂದಸ್ಸಿನ ಹೆಸರೇ ಕೇಳದವರು ದಿನಕ್ಕೆ ಹತ್ತು ಸಲ ಆಡುವ ಈ ಜೋಡಿಗಳೆಲ್ಲ ಎರಡನೆಯ ಅಕ್ಷರದಲ್ಲೇ ಜೊತೆಯಾದವು. ಕವಿತೆಗೆ ಅದು ಸಂಕೋಲೆಯಾಗಿತ್ತು ಎಂಬುದು ನಿಜ, ನೂರು ಸಾಲು ಬರೆಯಬೇಕಾದವರಿಗೆ. ನಾಲ್ಕೇ ಸಾಲಿನವರಿಗೆ ಆ ಕಷ್ಟವಿಲ್ಲ. ಮೇಲಾಗಿ ಆಟೊ ಮರೆಯಾಗುವಾಗ ನುಂಗಿಹೋಗುವುದು ಸಾಲಿನ ಎಳೆದ ಬಾಲ; ತಾಳದ ಪೆಟ್ಟಿನೊಂದಿಗೆ ಬೀಳುವ ಮೊದಲ ಪದ ಕೇಳಿಸುತ್ತದೆ.

ಇನ್ನು ಊರಿನ ಹೆಸರು. ಇಲ್ಲಿ ತುಮಕೂರು, ಕುಣಿಗಲ್, ಗುಬ್ಬಿ ಮೂರೂ ಒಂದೇ ಬಗೆಯಲ್ಲಿ ವರ್ತಿಸುವುದಿಲ್ಲ. ‘ತುಮಕೂರಲ್ಲಿ’ ಎಂದರೆ 4 ಮತ್ತು 3, ‘ಕುಣಿಗಲ್‌ನಲ್ಲಿ’ ಎಂದರೂ 4 ಮತ್ತು 3. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ರಾಗಕ್ಕೆ ಗೊತ್ತೇ ಆಗುವುದಿಲ್ಲ. ‘ಗುಬ್ಬಿಯಲ್ಲಿ’ ಮಾತ್ರ 3 ಮತ್ತು 3. ತುಮಕೂರಿಗೆ ಮಾಡಿಸಿದ ಹಾಡನ್ನೇ ಗುಬ್ಬಿ ಶಾಖೆಗೂ ಓಡಿಸುವ ಅಂಗಡಿಯವರು ಈ ಒಂದು ಮಾತ್ರೆಯ ಕೊರತೆಯನ್ನು ತುಂಬಲು ‘ಗುಬ್ಬೀಯಲ್ಲಿ’ ಎಂದು ಎಳೆಸಿದರೆ, ಕೇಳುವವರಿಗೆ ಎಲ್ಲೋ ಇರುಸುಮುರುಸು. ಆದರೆ ಗುಬ್ಬಿಗೆ ಉಳಿದೆರಡು ಊರಿಗಿಲ್ಲದ ಅದೃಷ್ಟವಿದೆ: ಹೆಸರಿನ ಎರಡನೆಯ ಅಕ್ಷರವೇ ಹಬ್ಬದ ಅಕ್ಷರ. ‘ಹಬ್ಬಕೆ ಗುಬ್ಬಿಗೆ ರೇಶಿಮೆ ಸೀರೆ’ ಎಂದು ಒಂದು ಪದ ಬದಲಿಸಿದರೆ ಮಾತ್ರೆಯೂ ಕೂಡಿತು, ಊರೂ ಬಂತು, ಪ್ರಾಸ ಇಮ್ಮಡಿಯಾಯಿತು. 1884ರಲ್ಲಿ ನಾಟಕ ಕಂಪನಿ ಕಟ್ಟಿ ಆ ಹೆಸರನ್ನು ಕನ್ನಡ ನಾಡಿಗೆಲ್ಲ ಹಬ್ಬಿಸಿದ ಊರಿಗೆ ಇಷ್ಟಾದರೂ ಸಲ್ಲಬೇಕು. (ಅಂಗಡಿಯ ಹೆಸರು ‘ಅಂಡ್ ಸನ್ಸ್’ ಎಂದು ಮುಗಿದರೆ ಯಾವ ಛಂದಸ್ಸೂ ಕೈಹಿಡಿಯದು. ಕೊನೆಯಲ್ಲಿ ಸ್ವರವಿಲ್ಲದ ಪದವನ್ನು ಎಳೆಯುವುದು ಹೇಗೆ?)

ಇಷ್ಟೆಲ್ಲ ಏಕೆ, ಗೆದ್ದ ಸಿನಿಮಾ ಹಾಡಿನ ಧಾಟಿಗೆ ಮಾತು ತುಂಬಿದರೆ ಸಾಲದೇ ಎಂಬುದು ವ್ಯಾಪಾರಿಗಳ ವಾದ. ಧಾಟಿ ಕೂಡ ಒಬ್ಬರ ಸೊತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಸಂಗೀತ ಕಟ್ಟಿದವರ ಜೀವಮಾನ ಮತ್ತು ಆಮೇಲಿನ 60 ವರ್ಷ ಅದಕ್ಕೆ ರಕ್ಷಣೆಯಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಧಾಟಿ ಕೇಳಿದವರಿಗೆ ನೆನಪಾಗುವುದು ಸಿನಿಮಾದ ಪದಗಳೇ ಹೊರತು ಅಂಗಡಿಯದಲ್ಲ. ಹಳೆಯ ಜನಪದ ಧಾಟಿಗೆ ಒಡೆಯರಿಲ್ಲ. ಆದರೆ ಕುಣಿಗಲ್ ಕೆರೆಯ ಹಾಡಿನಷ್ಟು ಹೆಸರಾದದ್ದನ್ನು ಮುಟ್ಟಿದರೆ ಅಲ್ಲಿಯೂ ಕೆರೆಯೇ ಗೆಲ್ಲುತ್ತದೆ, ಸೀರೆ ಸೋಲುತ್ತದೆ. ಹೆಸರಿಲ್ಲದ ಕೋಲಾಟದ ನಡೆಯೊಂದು ಇದಕ್ಕಿಂತ ವಾಸಿ.

ಕೊನೆಯ ತಕರಾರು ಮೂರನೆಯ ಸಾಲಿನದು. ಅರ್ಧ ದುಡ್ಡು ಎಂದು ಹಾಡಿ, ಒಳಗೆ ಹೋದರೆ ಮೂಲೆಯ ಹಳೇ ದಾಸ್ತಾನಿಗೆ ಮಾತ್ರ ಆ ದರ ಎಂದರೆ ಅದು ಪ್ರಾಸದ ಮರೆಯಲ್ಲಿ ಹೇಳಿದ ಸುಳ್ಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಷರತ್ತುಗಳನ್ನೆಲ್ಲ ಹಾಡಿಗೆ ತುರುಕಿದರೆ ಹಾಡು ಉಳಿಯದು ಎನ್ನುತ್ತಾರೆ, ಒಪ್ಪಿದೆ. ‘ಶೇಕಡಾ ಐವತ್ತರವರೆಗೆ’ ಎಂಬುದನ್ನು ಯಾವ ತಾಳಕ್ಕೂ ಹೊಂದಿಸಲಾಗದು. ಆದರೆ ‘ಮಕ್ಕಳ ಅಂಗಿಗೆ ಕಡಿಮೆಯೆ ದುಡ್ಡು’ ಎನ್ನಬಹುದಲ್ಲ. ‘ಅರ್ಧವೆ’ ನಾಲ್ಕು ಮಾತ್ರೆ, ‘ಕಡಿಮೆಯೆ’ ಕೂಡ ನಾಲ್ಕೇ.