ಹತ್ತು ತಿಂಗಳ ಪಗಾರ, ಹನ್ನೆರಡು ತಿಂಗಳ ಸಂಸಾರ

ಸರಕಾರಿ ಶಾಲೆಗಳಲ್ಲಿ ಖಾಯಂ ಉಪಾಧ್ಯಾಯರಿಲ್ಲದೆ ತೆರವಾಗಿರುವ ಸ್ಥಳಗಳಲ್ಲಿ ಪಾಠ ಹೇಳುತ್ತಿರುವ ಅತಿಥಿ ಶಿಕ್ಷಕರ ಗೌರವಧನವನ್ನು ಕರ್ನಾಟಕ ಸರಕಾರದವರು 2025-26ನೆಯ ಸಾಲಿನ ಆಯವ್ಯಯದಲ್ಲಿ ತಿಂಗಳಿಗೆ 2,000 ರೂಪಾಯಿಗಳಷ್ಟು ಏರಿಸಿದರು. ಅದರಂತೆ ಪ್ರಾಥಮಿಕ ಶಾಲೆಯವರ ಗೌರವಧನವು 10,000ದಿಂದ 12,000ಕ್ಕೂ, ಪ್ರೌಢಶಾಲೆಯವರದು 10,500ರಿಂದ 12,500ಕ್ಕೂ ಏರಿತು. ಏರಿಕೆಯು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಅಂಕಿಗಳನ್ನು ನೋಡಿದ ಪಟ್ಟಣದ ಗೃಹಸ್ಥರು ಕೆಲವರು, “ಪೇಟೆಯ ಗುಮಾಸ್ತನಿಗೆ ಹನ್ನೊಂದು ಸಾವಿರ, ಮಾಸ್ತರನಿಗೆ ಹನ್ನೆರಡು ಸಾವಿರ, ಮಾಸ್ತರನೇ ಸುಖಿಯಲ್ಲವೆ?” ಎಂದು ಆಡಿಕೊಳ್ಳುತ್ತಿರುವದು ನಮ್ಮ ಕಿವಿಗೆ ಬಿದ್ದಿದೆ. ಒಂದೂರಿನ ಸೇರಿನಿಂದ ಜೋಳವನ್ನಳೆದು ಇನ್ನೊಂದೂರಿನ ಸೇರಿನ ಧಾರಣೆಯನ್ನು ಹೇಳಿದಂತಹ ಮಾತು ಇದು.

ಗುಮಾಸ್ತನ ಹನ್ನೊಂದು ಸಾವಿರವು ವರ್ಷಕ್ಕೆ ಹನ್ನೆರಡು ಸಲ ಬರುವದು. ಅತಿಥಿ ಶಿಕ್ಷಕನ ಹನ್ನೆರಡು ಸಾವಿರವಾದರೋ ಶಾಲೆ ನಡೆಯುವ ಹತ್ತು ತಿಂಗಳಿಗೆ ಮಾತ್ರ ಸಲ್ಲುವದು. ಬೇಸಿಗೆಯ ಸೂಟಿಯ ಎರಡು ತಿಂಗಳು ಅವನಿಗೆ ಕೆಲಸವೂ ಇಲ್ಲ, ಪಗಾರವೂ ಇಲ್ಲ. ಆದ್ದರಿಂದ ಇಬ್ಬರನ್ನೂ ಮೊದಲು ವರ್ಷದ ತಕ್ಕಡಿಗೆ ಹಾಕಬೇಕು. ಹನ್ನೆರಡು ಸಾವಿರದಂತೆ ಹತ್ತು ತಿಂಗಳಿಗೆ 1,20,000 ರೂಪಾಯಿ. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10,000. ಹನ್ನೊಂದು ಸಾವಿರದಂತೆ ಹನ್ನೆರಡು ತಿಂಗಳಿಗೆ 1,32,000. ಸಾವಿರ ರೂಪಾಯಿ ಮೇಲಿದ್ದಂತೆ ತೋರಿದ ಮಾಸ್ತರನು ವಾಸ್ತವವಾಗಿ ಸಾವಿರ ರೂಪಾಯಿ ಕೆಳಗಿರುವನು. ಏರಿಕೆಗೆ ಮುಂಚಿನ ಹತ್ತು ಸಾವಿರವೂ ಇದೇ ಲೆಕ್ಕದಲ್ಲಿ 8,333 ಮಾತ್ರವಾಗಿತ್ತು. ಹತ್ತು ಸಾವಿರ ಎಂಬ ಹಳೆಯ ಹೆಸರು ವರ್ಷದ ಲೆಕ್ಕದಲ್ಲಿ ಸಾರ್ಥಕವಾದದ್ದೇ ಈಗ ಎಂದ ಹಾಗಾಯಿತು!

ಇಲ್ಲಿ ಲೆಕ್ಕ ಬಲ್ಲವರೂ ಎಡವುವ ಒಂದು ಸ್ಥಳವಿದೆ. ಹತ್ತರ ಪಗಾರವನ್ನು ಹನ್ನೆರಡಕ್ಕೆ ಇಳಿಸುವಾಗ ಆರನೆಯ ಒಂದು ಪಾಲನ್ನು ಕಳೆಯಬೇಕು. ಹನ್ನೆರಡರ ಪಗಾರವನ್ನು ಹತ್ತಕ್ಕೆ ಏರಿಸುವಾಗ ಐದನೆಯ ಒಂದು ಪಾಲನ್ನು ಕೂಡಿಸಬೇಕು. ಹೋಗುವಾಗಿನ ಪಾಲೂ ಬರುವಾಗಿನ ಪಾಲೂ ಒಂದೇ ಎಂದು ತಿಳಿದವರು ಹನ್ನೆರಡು ಸಾವಿರದಲ್ಲಿ ಐದನೆಯ ಪಾಲನ್ನು ಕಳೆದು 9,600 ಎಂದು ಹೇಳಿಬಿಡುವದುಂಟು. ಅದು ತಪ್ಪು. ಸಂದೇಹ ಬಂದರೆ ಉತ್ತರವನ್ನು ಹನ್ನೆರಡರಿಂದ ಗುಣಿಸಿ ನೋಡಬೇಕು. ವರ್ಷದ ಮೊತ್ತ 1,20,000 ಬಾರದಿದ್ದರೆ ಪಾಲು ತಪ್ಪಿದೆಯೆಂದೇ ಅರ್ಥ. ಹನ್ನೊಂದು ಸಾವಿರದ ಗುಮಾಸ್ತನಿಗೆ ಸಮನಾಗಬೇಕಾದರೆ ಮಾಸ್ತರನ ಹತ್ತು ತಿಂಗಳ ಪಗಾರವು 13,200 ಆಗಬೇಕಾಗುವದು.

ಇಷ್ಟಾದರೂ ಹತ್ತು ತಿಂಗಳು ಪೂರ್ತಿಯಾಗಿ ದಕ್ಕಿದರೆ ಎಂಬ ಮಾತಿನ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ನೇಮಕವು ಪ್ರತಿವರ್ಷವೂ ಹೊಸದು. ಶಾಲೆಯ ಬಾಗಿಲು ತೆರೆದ ದಿನವೇ ಮಾಸ್ತರನು ಹಾಜರಾಗುವನೆಂಬ ಭರವಸೆಯಿಲ್ಲ. ಆಜ್ಞೆ ಹೊರಟು, ಅರ್ಜಿ ಕರೆದು, ಆಯ್ಕೆ ಮುಗಿಯುವಷ್ಟರಲ್ಲಿ ದಿನಗಳು ಉರುಳುತ್ತವೆ. ಒಂದು ತಿಂಗಳು ತಡವಾಗಿ ಸೇರಿದವನಿಗೆ ಒಂಬತ್ತು ತಿಂಗಳಿಗೆ 1,08,000, ಅಂದರೆ ಹನ್ನೆರಡರ ಲೆಕ್ಕದಲ್ಲಿ 9,000. ಕಚೇರಿಯ ಮೇಜಿನ ಮೇಲೆ ಕಾಗದವೊಂದು ಒಂದು ತಿಂಗಳು ಮಲಗಿದರೆ ಮಾಸ್ತರನ ವರ್ಷದ ಪ್ರತಿ ತಿಂಗಳಿಗೂ ಸಾವಿರ ರೂಪಾಯಿ ಖೋತಾ ಬೀಳುವದು. ಅಧಿಕಾರಿಗಳು ಇದನ್ನು ಮನಗಾಣಬೇಕೆಂದು ನಮ್ಮ ವಿನಂತಿ.

ಗುಮಾಸ್ತನ ಕಡೆಯ ಲೆಕ್ಕವನ್ನೂ ಪೂರ್ತಿ ಮಾಡುವದು ನ್ಯಾಯ. ಅವನು ಇಪ್ಪತ್ತು ಮಂದಿಗೆ ಕಡಿಮೆಯ ಅಂಗಡಿಯಲ್ಲಿದ್ದರೆ ಸಾಮಾನ್ಯವಾಗಿ ಭವಿಷ್ಯನಿಧಿಯ ಕಟ್ಟಳೆ ತಗಲುವದಿಲ್ಲ. ಹನ್ನೊಂದು ಸಾವಿರವೇ ಅವನ ಸರ್ವಸ್ವ. ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರಖಾನೆಯಲ್ಲಿದ್ದರೆ, ಮೂಲವೇತನ ಮತ್ತು ತುಟ್ಟಿಭತ್ಯದ ಮೇಲೆ ಶೇಕಡಾ 12ರಷ್ಟು ಹಣವನ್ನು ಮಾಲಕನು ತನ್ನ ಕೈಯಿಂದ ಕೂಡಿಸಬೇಕಾಗುವದು. ಹನ್ನೊಂದು ಸಾವಿರವೂ ಆ ಲೆಕ್ಕಕ್ಕೆ ಬಂದರೆ ಇದು 1,320 ರೂಪಾಯಿ. ಹಾಗಾದಾಗ ಅವನ ತಿಂಗಳ ನಿಜವಾದ ಪ್ರಾಪ್ತಿ 12,320. ಮಾಸ್ತರನ ಹತ್ತು ಸಾವಿರದ ಬದಿಯಲ್ಲಿ ಇದನ್ನು ಇಡಬೇಕೇ ಹೊರತು ಹನ್ನೆರಡು ಸಾವಿರದ ಬದಿಯಲ್ಲಿ ಅಲ್ಲ.

“ಕೆಲಸ ಮಾಡಿದ್ದು ಹತ್ತು ತಿಂಗಳು, ಹತ್ತು ತಿಂಗಳ ಪಗಾರ ಕೊಟ್ಟರೆ ಅನ್ಯಾಯವೇನು?” ಎಂಬ ಆಕ್ಷೇಪವೊಂದುಂಟು. ಇದು ತಳ್ಳಿಹಾಕುವಂಥ ಆಕ್ಷೇಪವಲ್ಲ. ದುಡಿದ ತಿಂಗಳೊಂದಕ್ಕೆ ನೋಡಿದರೆ ಮಾಸ್ತರನಿಗೇ ಹೆಚ್ಚು ದೊರೆತಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಇಷ್ಟೇ: ಉಳಿದೆರಡು ತಿಂಗಳುಗಳನ್ನು ಅವನು ಮಾರಬಲ್ಲನೆ? ಅಂಗಡಿಯ ಗುಮಾಸ್ತನೊಡನೆ ವರ್ಷಾಂತ್ಯಕ್ಕೆ ಸರಿಸಮನಾಗಲು ಮಾಸ್ತರನಿಗೆ ಇನ್ನೂ 12,000 ಬೇಕು, ಅಂದರೆ ಸೂಟಿಯ ತಿಂಗಳಿಗೆ ಆರು ಸಾವಿರದಂತೆ. ಪಟ್ಟಣದಲ್ಲಿ ಮನೆಪಾಠ ಹೇಳಿ ಅದನ್ನು ಗಳಿಸುವವರಿದ್ದಾರೆ. ಹಳ್ಳಿಯ ಮಾಸ್ತರನ ಗತಿ ಬೇರೆ. ಪರೀಕ್ಷೆ ಮುಗಿದ ಮೇಲೆ ಮನೆಪಾಠಕ್ಕೆ ಬರುವ ಮಕ್ಕಳಿಲ್ಲ. ಮಳೆಯಾಗದ ಮುನ್ನ ಒಣಬೇಸಾಯದ ಹೊಲದಲ್ಲಿ ಕೆಲಸವೂ ವಿರಳ. ಎರಡೇ ತಿಂಗಳಿಗೆ ಯಾವ ಮಾಲಕನು ಲೆಕ್ಕ ಬರೆಯುವವನನ್ನು ಇಟ್ಟುಕೊಳ್ಳುವನು? ಅದೇ ಶಾಲೆಯ ಖಾಯಂ ಉಪಾಧ್ಯಾಯರಿಗಾದರೋ ಏಪ್ರಿಲ್-ಮೇ ತಿಂಗಳುಗಳ ಸಂಬಳ ತಪ್ಪದೆ ಸಂದಾಯವಾಗುವದು. ಸೂಟಿಯು ಒಬ್ಬರಿಗೆ ವಿಶ್ರಾಂತಿ, ಇನ್ನೊಬ್ಬರಿಗೆ ಉಪವಾಸ.

ಈ ಮರ್ಮವು ನ್ಯಾಯಾಸನದ ಕಣ್ಣಿಗೆ ಬೀಳದೆ ಇಲ್ಲ. 1985ರಲ್ಲಿ ರತನ್‌ಲಾಲ್ ವಿರುದ್ಧ ಹರಿಯಾಣಾ ಸರಕಾರ ಎಂಬ ಮೊಕದ್ದಮೆಯಲ್ಲಿ, ತಾತ್ಕಾಲಿಕ ಉಪಾಧ್ಯಾಯರನ್ನು ಶಾಲಾವರ್ಷದ ಮೊದಲಿಗೆ ನೇಮಿಸಿ ಬೇಸಿಗೆ ರಜೆಯ ಮುಂಚೆ ಬಿಡಿಸಿ ಮರಳಿ ನೇಮಿಸಿಕೊಳ್ಳುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ತೀವ್ರವಾಗಿ ಖಂಡಿಸಿತು. ಆ ಹುದ್ದೆಗಳಲ್ಲಿರುವವರಿಗೆ ಬೇಸಿಗೆ ರಜೆಯ ಸಂಬಳವನ್ನೂ ಕೊಡಬೇಕೆಂದು ಆಜ್ಞೆಯಾಯಿತು. ಆದರೆ ಆ ತೀರ್ಪು ಮಂಜೂರಾದ ಹುದ್ದೆಗಳಲ್ಲಿ ತಾತ್ಕಾಲಿಕ ಉಪಾಧ್ಯಾಯರೆಂದೇ ನೇಮಕಗೊಂಡವರ ಸಂಬಂಧವಾಗಿತ್ತು. ನಮ್ಮಲ್ಲಿ ಮಾಸ್ತರನಿಗೆ “ಅತಿಥಿ” ಎಂದೂ ಸಂಬಳಕ್ಕೆ “ಗೌರವಧನ” ಎಂದೂ ಹೆಸರಿಟ್ಟಿದ್ದಾರೆ. ಈ ಎರಡು ಶಬ್ದಗಳ ಮರೆಯಲ್ಲಿ ಸರಕಾರದವರಿಗೆ ಎರಡು ತಿಂಗಳ ಉಳಿತಾಯ. ವರ್ಷಗಟ್ಟಲೆ ಅದೇ ಮನೆಯಲ್ಲಿ ದುಡಿಯುವ ಅತಿಥಿಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಅಮೇರಿಕಾ ದೇಶದ ಅನೇಕ ಶಾಲಾ ಮಂಡಲಗಳಲ್ಲಿ ಸುಮಾರು ಹತ್ತು ತಿಂಗಳ ಕೆಲಸದ ಸಂಬಳವನ್ನು ಹನ್ನೆರಡು ತಿಂಗಳುಗಳಿಗೆ ಹಂಚಿ ಕೊಡುವ ಏರ್ಪಾಡಿದೆ. ಇಲ್ಲಿಯೂ ಹಾಗೆ ಮಾಡಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಹಂಚುವದರಿಂದ ಮೊತ್ತವು ಒಂದು ಕಾಸೂ ಹೆಚ್ಚುವದಿಲ್ಲ; ಮೇ ತಿಂಗಳಿನಲ್ಲಿ ಒಲೆ ಉರಿಯಲು ಅನುಕೂಲವಾಗುವದು, ಅಷ್ಟೇ. ಅದಲ್ಲದೆ ಅಲ್ಲಿ ಸಂಬಳವು ಗೊತ್ತಾದ ದಿನಕ್ಕೆ ಬರುವದು. ದುಡಿದ ತಿಂಗಳ ಗೌರವಧನವೇ ಬಿಡುಗಡೆಯ ಆಜ್ಞೆಗಾಗಿ ಕಾಯಬೇಕಾದ ಸ್ಥಳದಲ್ಲಿ, ತಿಂಗಳಿಗೆ ಎರಡು ಸಾವಿರದಂತೆ ಸರಕಾರದ ಕೈಯಲ್ಲೇ ಇಟ್ಟು ಬೇಸಿಗೆಗೆ ಪಡೆಯಿರೆಂದು ಮಾಸ್ತರನಿಗೆ ಹೇಳಲು ನಮಗೆ ಧೈರ್ಯ ಸಾಲದು. ಹಂಚಿಕೆ ಬರುವ ತನಕ ಆ ಎರಡು ಸಾವಿರವನ್ನು ಅವನೇ ಅಂಚೆಕಚೇರಿಯ ಖಾತೆಯಲ್ಲಿ ಬೇರೆಯಾಗಿ ಇಡುವದು ಲೇಸು. ಅದು ಅವನ ಉಳಿತಾಯವಲ್ಲ, ಏಪ್ರಿಲ್-ಮೇ ತಿಂಗಳುಗಳ ಅಕ್ಕಿಬೇಳೆಯ ಹಣ.