ಅಪರಿಚಿತರು ತಡವರಿಸುವ ಜಾಗ: ಹೊಸ ಆಟವೊಂದನ್ನು ತಿದ್ದುವ ಬಗೆ

ಹೊಸ ಆಟವೊಂದನ್ನು ರೂಪಿಸುವವರು ಅದನ್ನು ಮೊದಲು ಕಚ್ಚಾ ಮಾದರಿಯಾಗಿ ಮಾಡಿಕೊಳ್ಳುತ್ತಾರೆ. ಕಾರ್ಡಿನ ಆಟವಾದರೆ ದಪ್ಪ ಕಾಗದ ಕತ್ತರಿಸಿ ಪೆನ್ನಿನಲ್ಲಿ ಅಂಕಿ ಬರೆದರೆ ಸಾಕು. ಕಂಪ್ಯೂಟರ್ ಆಟವಾದರೆ ಬಣ್ಣವಿಲ್ಲದ ಚೌಕಗಳೇ ಗೋಡೆ, ಬಾಗಿಲು, ಶತ್ರುಗಳಾಗಿರುತ್ತವೆ. ಈ ಮಾದರಿಯನ್ನು ಆಟದ ಬಗ್ಗೆ ಏನೂ ಗೊತ್ತಿಲ್ಲದವರ ಕೈಗೆ ಕೊಟ್ಟು, ಅವರು ಆಡುವುದನ್ನು ಗಮನಿಸುವ ಕ್ರಮಕ್ಕೆ ಪ್ಲೇಟೆಸ್ಟ್ ಎನ್ನುತ್ತಾರೆ. ಆಟ ರಂಜಿಸುತ್ತದೆಯೇ ಎಂದು ತಿಳಿಯುವುದು ಇದರ ಒಂದು ಉದ್ದೇಶ. ಆಡುವವರು ಎಲ್ಲಿ ಗೊಂದಲಕ್ಕೆ ಬೀಳುತ್ತಾರೆ, ಏಕೆ ಬೀಳುತ್ತಾರೆ ಎಂದು ಕಂಡುಕೊಂಡು ವಿನ್ಯಾಸವನ್ನು ತಿದ್ದುವುದು ಇನ್ನೊಂದು ಉದ್ದೇಶ. ಆರಂಭದ ಹಂತದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಎರಡನೆಯದೇ.

ಅಪರಿಚಿತರೇ ಏಕೆ?

ವಿನ್ಯಾಸಕಾರನಿಗೆ ತನ್ನ ಆಟದ ನಿಯಮಗಳೆಲ್ಲ ಬಾಯಿಪಾಠ. ಹಾಗಾಗಿ ಯಾವ ನಿಯಮ ಕಾರ್ಡಿನ ಮೇಲೆ ಕಾಣುತ್ತಿದೆ, ಯಾವುದು ತನ್ನ ತಲೆಯಲ್ಲಿ ಮಾತ್ರ ಇದೆ ಎಂಬ ವ್ಯತ್ಯಾಸ ಅವನಿಗೆ ತಿಳಿಯದು. ಮನೆಯವರು, ಗೆಳೆಯರು ಆಡಿದರೂ ತೊಂದರೆ ಪೂರ್ತಿ ತೀರುವುದಿಲ್ಲ. ಅವರು ಆಟದ ವಿಷಯವನ್ನು ಮೊದಲೇ ಒಂದಿಷ್ಟು ಕೇಳಿರುತ್ತಾರೆ. ಬೇಸರವಾಗಬಾರದೆಂದು ದೋಷಗಳನ್ನು ನುಂಗಿಕೊಳ್ಳುತ್ತಾರೆ. ತಡವರಿಸಿದ ಕೂಡಲೇ ಪಕ್ಕದಲ್ಲಿದ್ದವನನ್ನು ಕೇಳಿ ಮುಂದೆ ಹೋಗುತ್ತಾರೆ. ಅಂಗಡಿಯಲ್ಲಿ ಆಟ ಕೊಳ್ಳುವವರ ಪಕ್ಕದಲ್ಲಿ ವಿನ್ಯಾಸಕಾರ ಕೂತಿರುವುದಿಲ್ಲ. ಡಬ್ಬಿ, ಕಾರ್ಡು ಮತ್ತು ನಿಯಮಪುಸ್ತಿಕೆ ಮಾತ್ರ ಅವರ ಕೈಯಲ್ಲಿರುತ್ತವೆ. ಪರೀಕ್ಷೆಯೂ ಆ ಸ್ಥಿತಿಗೆ ಆದಷ್ಟು ಹತ್ತಿರವಿರಬೇಕು.

ಅಪರಿಚಿತರೆಂದರೆ ಸಿಕ್ಕಸಿಕ್ಕವರಲ್ಲ. ಆಟ ಯಾರಿಗಾಗಿಯೋ ಆ ಬಳಗದವರಾಗಿರಬೇಕು. ಹತ್ತು ವರ್ಷದ ಮಕ್ಕಳ ಆಟವನ್ನು ಪಳಗಿದ ಆಟಗಾರರ ಕೈಗೆ ಕೊಟ್ಟರೆ ಗೊಂದಲವೇ ಕಾಣದೆ ಹೋದೀತು. ಒಮ್ಮೆಗೆ ದೊಡ್ಡ ಗುಂಪು ಬೇಕಿಲ್ಲ. ನಾಲ್ವರು ಆಡುವ ಆಟವಾದರೆ ಎರಡು ಮೂರು ಮೇಜು ನೋಡುವಷ್ಟರಲ್ಲಿ ದೊಡ್ಡ ತೊಡಕುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳತೊಡಗುತ್ತವೆ. ಆಗ ನಿಲ್ಲಿಸಿ, ತಿದ್ದಿ, ಹೊಸಬರನ್ನು ಕೂರಿಸುವುದು ಮೇಲು. ಗೊತ್ತಿರುವ ದೋಷಕ್ಕೆ ಇನ್ನೂ ಹತ್ತು ಮಂದಿ ಎಡವುವುದನ್ನು ನೋಡುತ್ತ ಕೂತರೆ ಹೊಸದೇನೂ ತಿಳಿಯುವುದಿಲ್ಲ.

ಬಾಯಿ ಮುಚ್ಚಿ, ಕಣ್ಣು ತೆರೆದು

ಆಟ ಶುರುವಾಗುವ ಮೊದಲು ಆಡುವವರಿಗೆ ಒಂದು ಮಾತು ಹೇಳಲೇಬೇಕು: ಇಲ್ಲಿ ಪರೀಕ್ಷೆ ನಡೆಯುತ್ತಿರುವುದು ಆಟಕ್ಕೆ, ನಿಮಗಲ್ಲ. ಇದನ್ನು ಹೇಳದಿದ್ದರೆ ಜನ ತಮಗೆ ಅರ್ಥವಾಗದ್ದನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಆಡುತ್ತ ಮನಸ್ಸಿಗೆ ಬಂದದ್ದನ್ನು ಜೋರಾಗಿಯೇ ಹೇಳಿ ಎಂದು ಕೇಳಿಕೊಳ್ಳುವುದೂ ಉಂಟು. ಆಮೇಲೆ ವಿನ್ಯಾಸಕಾರ ಸುಮ್ಮನಿರಬೇಕು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಬದಲು "ನಿಮಗೆ ಹೇಗನ್ನಿಸುತ್ತೆ? ಹಾಗೇ ಆಡಿ" ಎನ್ನಬೇಕು. ಆಟ ಪೂರ್ತಿ ಕೆಟ್ಟುಹೋಗುವ ಹಾಗಿದ್ದರೆ ಮಾತ್ರ ಬಾಯಿ ಹಾಕಬೇಕು, ಹಾಕಿದ್ದನ್ನೂ ಬರೆದಿಡಬೇಕು.

ಟಿಪ್ಪಣಿಯಲ್ಲಿ ಸಮಯ, ಆಡುವವರು ಮಾಡಿದ್ದು, ಆಡಿದ ಮಾತು ಇಷ್ಟಿರಬೇಕು. "ನಿಯಮ ಅರ್ಥವಾಗಲಿಲ್ಲ" ಎಂದು ಬರೆದರೆ ಅದು ಆಗಲೇ ತೀರ್ಪು. "ಎರಡನೇ ಸುತ್ತು: ಕಾರ್ಡು ಎತ್ತಿ ಮತ್ತೆ ಕೆಳಗಿಟ್ಟರು, ಪುಸ್ತಿಕೆ ತಿರುವಿದರು, 'ಇದು ಕೊಳ್ಳೋ ಬೆಲೆನಾ, ಮಾರೋ ಬೆಲೆನಾ?' ಎಂದರು" ಎಂದು ಬರೆದರೆ ಅದು ಸಾಕ್ಷ್ಯ. ಕಾರಣವನ್ನು ಆಮೇಲೆ ಹುಡುಕಬಹುದು.

ಗೊಂದಲದ ಗುರುತುಗಳು ಹಲವು. ಕೈ ಗಾಳಿಯಲ್ಲೇ ನಿಲ್ಲುತ್ತದೆ, ಕಣ್ಣು ಎದುರಿನವರ ಮುಖ ಹುಡುಕುತ್ತದೆ, ಪುಸ್ತಿಕೆಯ ಒಂದೇ ಪುಟ ಮತ್ತೆ ಮತ್ತೆ ತೆರೆಯುತ್ತದೆ. ಇವು ಕಣ್ಣಿಗೆ ಬೀಳುವಂಥವು. ಹೆಚ್ಚು ಅಪಾಯದ್ದು ಸದ್ದಿಲ್ಲದೆ ನಡೆಯುವ ತಪ್ಪು. ಚೌಕಾಬಾರ ಆಡಿ ಬೆಳೆದವರು ಎದುರಾಳಿಯ ಕಾಯಿ ಹೊಡೆದ ಕೂಡಲೇ ಇನ್ನೊಂದು ಆಟ ತಮ್ಮದೇ ಎಂದು ತಿಳಿದು ಕವಡೆಗೆ ಕೈ ಹಾಕುತ್ತಾರೆ. ಹೊಸ ಆಟದಲ್ಲಿ ಆ ನಿಯಮ ಇಲ್ಲದಿದ್ದರೂ ಮೇಜಿನ ಸುತ್ತ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಆಟ ಸಲೀಸಾಗಿ ಸಾಗುತ್ತದೆ, ಆದರೆ ಆಗುತ್ತಿರುವುದು ಬೇರೆಯೇ ಆಟ. ಆಟ ಮುಗಿದ ಮೇಲೆ ಪ್ರಶ್ನಾವಳಿ ಕೊಟ್ಟರೆ ಇದು ಸಿಗುವುದಿಲ್ಲ; ಪಕ್ಕದಲ್ಲಿ ಕೂತು ನೋಡಿದವರಿಗೆ ಮಾತ್ರ ಸಿಗುತ್ತದೆ.

ಒಂದು ಗೊಂದಲ, ಒಂದು ತಿದ್ದುಪಡಿ

ಗೊಂದಲ ಕಂಡ ಕೂಡಲೇ ನಿಯಮಪುಸ್ತಿಕೆಗೆ ದಪ್ಪಕ್ಷರದಲ್ಲಿ ಒಂದು ಸಾಲು ಸೇರಿಸುವ ಆಸೆ ಹುಟ್ಟುತ್ತದೆ. ಇದರಿಂದ ಉಪಯೋಗವಾಗುವುದು ಕಡಿಮೆ. ಪುಸ್ತಿಕೆಯನ್ನು ಸಾಮಾನ್ಯವಾಗಿ ಮೇಜಿನಲ್ಲಿ ಒಬ್ಬರು ಓದುತ್ತಾರೆ, ಅದೂ ಒಮ್ಮೆ. ಉಳಿದವರು ಕಣ್ಣಿಗೆ ಕಾಣುವ ವಸ್ತುಗಳಿಂದಲೇ ನಿಯಮವನ್ನು ಊಹಿಸಿಕೊಳ್ಳುತ್ತಾರೆ. ಅವರ ಊಹೆ ತಪ್ಪಾಗಿದ್ದರೆ, ಆ ಊಹೆಗೆ ಎಡೆಮಾಡಿದ ವಸ್ತುವನ್ನು ಹುಡುಕಬೇಕು. ಒಂದು ಕಲ್ಪಿತ ಆಟವನ್ನು ಇಟ್ಟುಕೊಂಡು ಈ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು.

ಆಟದ ಹೆಸರು ಸಂತೆ ಎಂದಿರಲಿ. ಮೇಜಿನ ನಡುವೆ ಸಾಲಾಗಿ ಐದು ತರಕಾರಿ ಕಾರ್ಡುಗಳಿವೆ. ತನ್ನ ಸರದಿ ಬಂದಾಗ ಆಟಗಾರ ಒಂದು ಕಾರ್ಡು ಕೊಳ್ಳಬಹುದು, ಇಲ್ಲವೇ ಕೈಯಲ್ಲಿರುವ ಒಂದೇ ಜಾತಿಯ ಕಾರ್ಡುಗಳನ್ನು ಮಾರಬಹುದು. ಪ್ರತಿ ಕಾರ್ಡಿನ ಎಡ ಮೇಲ್ಮೂಲೆಯಲ್ಲಿ ಕೊಳ್ಳುವ ಬೆಲೆ, ಬಲ ಕೆಳಮೂಲೆಯಲ್ಲಿ ಮಾರುವ ಬೆಲೆ. ಪರೀಕ್ಷೆಯಲ್ಲಿ ಎರಡೂ ಮೇಜಿನವರು ಮಾರುವಾಗ ಎಡ ಮೂಲೆಯ ಅಂಕಿಯನ್ನೇ ಕೂಡಿಸಿ ಕಡಿಮೆ ನಾಣ್ಯ ತೆಗೆದುಕೊಂಡರು ಎನ್ನೋಣ. ಕೆಲವರಿಗೆ ತಪ್ಪು ಮಾಡಿದ್ದೇ ತಿಳಿಯಲಿಲ್ಲ. ಲಾಭವೇ ಇಲ್ಲವಲ್ಲ ಎಂದು ಮಾರುವುದನ್ನೇ ಬಿಟ್ಟರು.

ಕಾರಣ ಏನಿರಬಹುದು? ನಿಯಮ ಮರೆತಿರಬಹುದು, ಎರಡು ಅಂಕಿ ಒಂದೇ ಥರ ಕಾಣುತ್ತಿರಬಹುದು, ಅಥವಾ ಮಾರುವ ಬೆಲೆ ಕಣ್ಣಿಗೇ ಬೀಳುತ್ತಿಲ್ಲದಿರಬಹುದು. ಟಿಪ್ಪಣಿ ನೋಡಿದರೆ ಉತ್ತರ ಸಿಗುತ್ತದೆ. ಮೇಜಿನ ಮೇಲಿನ ಕಾರ್ಡನ್ನು ಕೊಳ್ಳುವಾಗ ಯಾರೂ ತಪ್ಪಿಲ್ಲ. ತಪ್ಪಿರುವುದೆಲ್ಲ ಕೈಯಲ್ಲಿದ್ದ ಕಾರ್ಡುಗಳನ್ನು ಮಾರುವಾಗ. ಕಾರ್ಡುಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದರೆ ಎಡ ಮೇಲ್ಮೂಲೆ ಮಾತ್ರ ಕಾಣುತ್ತದೆ, ಬಲ ಕೆಳಮೂಲೆ ಮುಂದಿನ ಕಾರ್ಡಿನ ಹಿಂದೆ ಅಡಗುತ್ತದೆ. ಆಡಿದವರು ಕಂಡ ಅಂಕಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಅವರ ಊಹೆ ಸಹಜವಾಗಿತ್ತು. ಅಂಕಿ ಇಟ್ಟ ಜಾಗ ತಪ್ಪಾಗಿತ್ತು.

ಕಾರ್ಡು ಕೈಯಲ್ಲಿರುವಾಗ ಬೇಕಾಗುವುದು ಮಾರುವ ಬೆಲೆ. ಅದನ್ನು ಎಡ ಮೇಲ್ಮೂಲೆಗೆ ತರಬೇಕು. ಕೊಳ್ಳುವ ಬೆಲೆ ಬೇಕಾಗುವುದು ಕಾರ್ಡು ಮೇಜಿನ ಮೇಲಿರುವಾಗ ಮಾತ್ರ. ಅದನ್ನು ಕಾರ್ಡಿನಿಂದಲೇ ತೆಗೆದು, ಕಾರ್ಡುಗಳನ್ನಿಡುವ ಪಟ್ಟಿಯ ಐದು ಮನೆಗಳ ಮೇಲೆ 1ರಿಂದ 5ರವರೆಗೆ ಬರೆಯಬಹುದು. ಕಾರ್ಡೊಂದು ಮಾರಾಟವಾದಾಗ ಉಳಿದವು 1ರ ಕಡೆಗೆ ಸರಿದು ಅಗ್ಗವಾಗುತ್ತವೆ, ಹೊಸ ಕಾರ್ಡು 5ನೇ ಮನೆಗೆ ಬರುತ್ತದೆ. ಈಗ ಕಾರ್ಡಿನ ಮೇಲೆ ಒಂದೇ ಅಂಕಿ. ಯಾವ ಮೂಲೆಯಲ್ಲಿ ಯಾವ ಬೆಲೆ ಎಂದು ವಿವರಿಸುತ್ತಿದ್ದ ಸಾಲೇ ಪುಸ್ತಿಕೆಯಿಂದ ಹೊರಟುಹೋಯಿತು.

ತಿದ್ದಿದ್ದನ್ನು ಹೊಸ ಅಪರಿಚಿತರ ಮುಂದಿಟ್ಟಾಗ ಇನ್ನೊಂದು ತೊಡಕು ಕಾಣಬಹುದು. ಅವರು ಕಾರ್ಡುಗಳನ್ನು ಸರಿಸುವ ಬದಲು ಹೊಸ ಕಾರ್ಡನ್ನು ಖಾಲಿಯಾದ ಮನೆಗೇ ಇಡುತ್ತಾರೆ. ಇಲ್ಲಿಯೂ ಕಾರಣ ಮೇಜಿನ ಮೇಲೆಯೇ ಇದೆ. ಕಾರ್ಡಿನ ಕಟ್ಟು 1ನೇ ಮನೆಯ ಪಕ್ಕದಲ್ಲಿದೆ, ಖಾಲಿ ಮನೆಯನ್ನು ತುಂಬುವುದೇ ಸಹಜ ಎನ್ನಿಸುತ್ತದೆ. ಕಟ್ಟನ್ನು 5ನೇ ಮನೆಯ ಪಕ್ಕಕ್ಕೆ ಇಟ್ಟು, ಮನೆಗಳ ನಡುವೆ 1ರ ಕಡೆಗೆ ಬಾಣದ ಗುರುತು ಹಾಕಿ ಮತ್ತೆ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೆರಡನ್ನೇ ಬದಲಿಸುವುದು ಒಳ್ಳೆಯದು. ಹತ್ತನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಹೇಳಲಾಗುವುದಿಲ್ಲ.

ದೊಡ್ಡ ಆಟಗಳಲ್ಲೂ ಇದೇ ದಾರಿ

ಪಾಪ್‌ಕ್ಯಾಪ್ ಸಂಸ್ಥೆ 2009ರಲ್ಲಿ ಹೊರತಂದ 'ಪ್ಲಾಂಟ್ಸ್ ವರ್ಸಸ್ ಜೋಂಬೀಸ್' ಕಂಪ್ಯೂಟರ್ ಆಟದಲ್ಲಿ ಅಂಗಳಕ್ಕೆ ನುಗ್ಗುವ ಜೋಂಬಿಗಳನ್ನು ಗಿಡ ನೆಟ್ಟು ತಡೆಯಬೇಕು. ಗಿಡ ಕೊಳ್ಳಲು ಬೇಕಾದ ಬಿಸಿಲನ್ನು ಸೂರ್ಯಕಾಂತಿ ಗಿಡ ಕೊಡುತ್ತದೆ. ಆದ್ದರಿಂದ ಮೊದಲು ಸೂರ್ಯಕಾಂತಿ ನೆಡುವುದೇ ಜಾಣತನ. ಆದರೆ ಹೊಸಬರು ಗುಂಡು ಹಾರಿಸುವ ಬಟಾಣಿ ಗಿಡವನ್ನೇ ಮೊದಲು ನೆಡುತ್ತಿದ್ದರು. ಆಗ ಎರಡರ ಬೆಲೆಯೂ 100 ಬಿಸಿಲು. ವಿನ್ಯಾಸಕಾರ ಜಾರ್ಜ್ ಫ್ಯಾನ್ ಸೂರ್ಯಕಾಂತಿಯ ಬೆಲೆಯನ್ನು 50ಕ್ಕೆ ಇಳಿಸಿದರು. ಕೈಯಲ್ಲಿರುವ ಅಲ್ಪ ಬಿಸಿಲಿಗೆ ಸಿಗುವ ಗಿಡ ಅದೇ ಆದಾಗ ಜನ ತಾವಾಗಿಯೇ ಅದನ್ನು ಮೊದಲು ನೆಟ್ಟರು. ಇದಕ್ಕಾಗಿ ಇಡೀ ಆಟದ ಲೆಕ್ಕಾಚಾರವನ್ನು ಮತ್ತೆ ಸರಿದೂಗಿಸಬೇಕಾಯಿತು.

ವಾಲ್ವ್ ಸಂಸ್ಥೆಯ 'ಪೋರ್ಟಲ್' (2007) ಆಟದ ಒಂದು ಹಂತದಲ್ಲಿ ಒಂದು ಪೆಟ್ಟಿಗೆಯನ್ನು ಆರಂಭದಿಂದ ಕೊನೆಯವರೆಗೆ ಹೊತ್ತೊಯ್ಯಬೇಕು. ಪರೀಕ್ಷೆಗೆ ಬಂದವರು ಅದನ್ನು ದಾರಿಯಲ್ಲೇ ಬಿಟ್ಟುಹೋಗುತ್ತಿದ್ದರು. ತಂಡದವರು ಅದರ ಮೇಲೆ ಗುಲಾಬಿ ಬಣ್ಣದ ಹೃದಯದ ಚಿತ್ರ ಹಾಕಿ, ಅದು ನಿಮ್ಮ ಸಂಗಾತಿ ಎಂಬ ಅರ್ಥದ ಮಾತುಗಳನ್ನು ಸೇರಿಸಿದರು. ಆಮೇಲೆ ಪೆಟ್ಟಿಗೆಯನ್ನು ಮರೆಯುವುದು ಕಷ್ಟವಾಯಿತು. ಆಟಗಾರರು ಅತಿ ಹೆಚ್ಚು ನೆನಪಿಟ್ಟುಕೊಂಡ ವಸ್ತುಗಳಲ್ಲಿ ಅದೂ ಒಂದಾಯಿತು.

ಯಾವುದನ್ನು ತಿದ್ದಬಾರದು

ಎಲ್ಲ ತಡವರಿಕೆಯೂ ದೋಷವಲ್ಲ. ಮುಂದಿನ ನಡೆ ಯಾವುದಿರಲಿ ಎಂದು ಯೋಚಿಸುತ್ತ ಕೂತವರು ಆಟವನ್ನೇ ಆಡುತ್ತಿದ್ದಾರೆ. ಯಾವ ನಡೆಗೆ ಅವಕಾಶವಿದೆ ಎಂದೇ ತಿಳಿಯದೆ ಕೂತವರು ಆಟದಿಂದ ಹೊರಗುಳಿದಿದ್ದಾರೆ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ತೆಗೆಯಬೇಕು. ಎರಡರ ಭೇದ ತಿಳಿಯದಿದ್ದರೆ ಆಟ ಮುಗಿದ ಮೇಲೆ "ಆಗ ಏನು ಯೋಚಿಸುತ್ತಿದ್ದಿರಿ?" ಎಂದು ಕೇಳಿದರೆ ಸಾಕು.

ಆಡಿದವರು ಕೊಡುವ ಸಲಹೆಗಳನ್ನೂ ಹೀಗೆಯೇ ತೂಗಿ ನೋಡಬೇಕು. "ನಾಣ್ಯ ಇನ್ನೂ ಜಾಸ್ತಿ ಇರಬೇಕಿತ್ತು" ಎಂದು ಸಂತೆ ಆಟದ ಮೊದಲ ಮೇಜಿನವರು ಹೇಳಿಯಾರು. ನಾಣ್ಯ ಸಾಲದೆ ಹೋದದ್ದು ನಿಜ, ಆದರೆ ಕಾರಣ ತಪ್ಪು ಮೂಲೆಯ ಅಂಕಿ. ತೊಂದರೆ ಎಲ್ಲಿದೆ ಎಂಬ ಅವರ ಮಾತನ್ನು ನಂಬಬಹುದು. ಪರಿಹಾರವನ್ನು ವಿನ್ಯಾಸಕಾರನೇ ಹುಡುಕಬೇಕು.

ಈ ವಿಧಾನಕ್ಕೆ ಮಿತಿಗಳೂ ಇವೆ. ಒಮ್ಮೆ ಆಡಿದವರು ಮತ್ತೆ ಹೊಸಬರಾಗುವುದಿಲ್ಲ; ಆದ್ದರಿಂದ ಕಣ್ಣಿಗೇ ಕಾಣುವ ತಪ್ಪುಗಳನ್ನು ತಿದ್ದಿಕೊಳ್ಳದೆ ಅವರನ್ನು ಕರೆಯಬಾರದು. ಹತ್ತನೇ ಸಲ ಆಡುವಾಗ ಆಟ ಬೇಸರ ತರುತ್ತದೆಯೇ ಎಂಬುದು ಮೊದಲ ಸಲ ಆಡುವವರಿಂದ ತಿಳಿಯದು. ಅದಕ್ಕೆ ಪಳಗಿದವರೇ ಬೇಕು. ಇವರಿಂದ ಖಚಿತವಾಗಿ ತಿಳಿಯುವುದು ಒಂದು: ಡಬ್ಬಿಯನ್ನಷ್ಟೇ ಕೈಗೆ ಕೊಟ್ಟಾಗ ಹೊಸಬರು ಯಾರನ್ನೂ ಕೇಳದೆ ನಿಯಮದಂತೆ ಕೊನೆಯವರೆಗೆ ಆಡಿದರೆ, ಗೊಂದಲದ ಮಟ್ಟಿಗೆ ಮಾದರಿಯ ಪರೀಕ್ಷೆ ಮುಗಿದಂತೆ.