ನೋಟು ಮುದ್ರಿಸಿ ಸರ್ಕಾರ ಎಷ್ಟು ಗಳಿಸಬಹುದು?

1923ರ ಆಗಸ್ಟ್‌ನಲ್ಲಿ ಜರ್ಮನಿಯ ಕೇಂದ್ರ ಬ್ಯಾಂಕ್‌ನ ಅಧ್ಯಕ್ಷ ರುಡಾಲ್ಫ್ ಹಾವನ್‌ಸ್ಟೈನ್ ಒಂದು ಭರವಸೆ ಕೊಟ್ಟರು. ಚಲಾವಣೆಯಲ್ಲಿರುವ ಒಟ್ಟು ನೋಟುಗಳ ಮೂರನೇ ಎರಡರಷ್ಟು ಹೊಸ ನೋಟುಗಳನ್ನು ಇನ್ನು ಕೆಲವೇ ದಿನಗಳಲ್ಲಿ ಒಂದೇ ದಿನದೊಳಗೆ ಹೊರತರಬಲ್ಲೆವು ಎಂದರು. ಅವರ ದೃಷ್ಟಿಯಲ್ಲಿ ಇದು ಶುಭವಾರ್ತೆ, ಏಕೆಂದರೆ ದೇಶದಲ್ಲಿ ನೋಟುಗಳಿಗೇ ಬರ ಬಂದಿತ್ತು! ನೋಟಿನ ರಾಶಿ ಬೆಳೆಯುತ್ತಿದ್ದರೂ ನೋಟು ಸಾಲದಂತಾದದ್ದು ಹೇಗೆ ಎಂಬುದಕ್ಕೆ ಒಂದು ಸರಳ ಲೆಕ್ಕದಲ್ಲಿ ಉತ್ತರವಿದೆ.

ಆ ವರ್ಷದ ಜನವರಿಯಲ್ಲಿ ಯುದ್ಧ ಪರಿಹಾರದ ಬಾಕಿ ವಸೂಲಿಗೆಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನಿಕರು ರೂರ್ ಕಲ್ಲಿದ್ದಲು ಪ್ರದೇಶಕ್ಕೆ ನುಗ್ಗಿದರು. ಪ್ರತಿಭಟಿಸಿ ಕೆಲಸ ನಿಲ್ಲಿಸಿದ ಕಾರ್ಮಿಕರನ್ನು ಸಾಕುವ ಹೊಣೆ ಸರ್ಕಾರದ ಮೇಲೆ ಬಿತ್ತು. ತೆರಿಗೆ ಸಾಲಲಿಲ್ಲ. ಸರ್ಕಾರ ಸಾಲಪತ್ರ ಬರೆದುಕೊಡುವುದು, ಕೇಂದ್ರ ಬ್ಯಾಂಕ್ ಹೊಸ ನೋಟು ಕೊಟ್ಟು ಅದನ್ನು ಕೊಳ್ಳುವುದು ವಾಡಿಕೆಯಾಯಿತು. ಹೀಗೆ ನೋಟು ಅಚ್ಚು ಹಾಕಿ ಗಳಿಸುವ ಆದಾಯಕ್ಕೆ ಅರ್ಥಶಾಸ್ತ್ರದಲ್ಲಿ ಸೆನ್ಯೊರೇಜ್ ಎನ್ನುತ್ತಾರೆ. ಇದನ್ನು ಕೊಡುವವರು ನೋಟು ಇಟ್ಟುಕೊಂಡ ಜನರೇ. ಬೆಲೆ ಏರಿದಾಗ ಅವರ ಹಣದ ಕೊಳ್ಳುವ ಶಕ್ತಿ ಕರಗುತ್ತದೆ, ಕರಗಿದ್ದು ಸರ್ಕಾರಕ್ಕೆ ಸೇರುತ್ತದೆ. ಶಾಸನಸಭೆಯ ಒಪ್ಪಿಗೆಯೇ ಇಲ್ಲದ ತೆರಿಗೆ ಇದು.

ಈಗ ಲೆಕ್ಕಕ್ಕೆ ಬರೋಣ. ಒಂದು ಕಲ್ಪಿತ ದೇಶದಲ್ಲಿ ಎಲ್ಲವನ್ನೂ ಅಕ್ಕಿ ಮೂಟೆಗಳಲ್ಲಿ ಅಳೆಯೋಣ. ಬೆಲೆ ಸ್ಥಿರವಾಗಿದ್ದಾಗ ಜನ ಒಂದು ಲಕ್ಷ ಮೂಟೆ ಕೊಳ್ಳುವಷ್ಟು ನಗದನ್ನು ಕೈಯಲ್ಲಿಟ್ಟುಕೊಳ್ಳುತ್ತಾರೆ. ತಿಂಗಳಿಗೆ ಶೇ 10ರಷ್ಟು ಬೆಲೆ ಏರಿದರೆ ಕೊಂಚ ಎಚ್ಚರವಾಗಿ, 75 ಸಾವಿರ ಮೂಟೆಯಷ್ಟು ಇಟ್ಟುಕೊಳ್ಳುತ್ತಾರೆ. ಶೇ 30 ಏರಿದರೆ 40 ಸಾವಿರ. ತಿಂಗಳಿಗೊಮ್ಮೆ ಬೆಲೆ ಇಮ್ಮಡಿಸಿದರೆ ಬರೀ 5 ಸಾವಿರ. ಸರ್ಕಾರದ ಗಳಿಕೆ ಸುಮಾರಾಗಿ ಈ ಮೊತ್ತಕ್ಕೆ ಏರಿಕೆಯ ದರವನ್ನು ಗುಣಿಸಿದಷ್ಟು: ಮೊದಲ ಸ್ಥಿತಿಯಲ್ಲಿ ಏಳೂವರೆ ಸಾವಿರ ಮೂಟೆ, ಎರಡನೆಯದರಲ್ಲಿ 12 ಸಾವಿರ, ಕೊನೆಯದರಲ್ಲಿ ಮತ್ತೆ 5 ಸಾವಿರ. ದರ ಏರಿಸುತ್ತ ಹೋದರೆ ಗಳಿಕೆ ಒಂದು ಹಂತದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಈ ದೇಶದಲ್ಲಿ ಅದರ ತುದಿ ಸುಮಾರು 12 ಸಾವಿರ ಮೂಟೆ.

ಸರ್ಕಾರದ ಕೊರತೆ ತಿಂಗಳಿಗೆ 15 ಸಾವಿರ ಮೂಟೆಯಾದರೆ? ಯಾವ ಸ್ಥಿರ ದರದಲ್ಲೂ ಅದು ತುಂಬದು. ತುಂಬಬೇಕಾದರೆ ಜನ ಎಚ್ಚೆತ್ತುಕೊಳ್ಳುವುದಕ್ಕೆ ಮೊದಲೇ ಮುದ್ರಿಸಬೇಕು. ಜನ 40 ಸಾವಿರ ಮೂಟೆಯಷ್ಟು ಹಣ ಇಟ್ಟುಕೊಂಡಿರುವಾಗ ಸರ್ಕಾರ ನೋಟುಗಳನ್ನು ಶೇ 37ಕ್ಕೂ ಹೆಚ್ಚಿಸಿ 15 ಸಾವಿರ ಗಿಟ್ಟಿಸಿಕೊಳ್ಳುತ್ತದೆ. ಬೆಲೆ ನೋಡಿದ ಜನ ಮುಂದಿನ ತಿಂಗಳು ಕೈಯಲ್ಲಿಡುವ ಹಣವನ್ನು 32 ಸಾವಿರಕ್ಕೆ ಇಳಿಸುತ್ತಾರೆ, ಆಗ ಶೇ 47 ಬೇಕು. ಅದು 25 ಸಾವಿರಕ್ಕೆ ಇಳಿದರೆ ಶೇ 60. ಮತ್ತೆ 16 ಸಾವಿರ, ಆಗ ಶೇ 90ಕ್ಕೂ ಮೇಲೆ. ಆರೂವರೆ ಸಾವಿರಕ್ಕೆ ಬಂದಾಗ ಒಂದೇ ತಿಂಗಳಲ್ಲಿ ನೋಟು ಮೂರು ಪಟ್ಟಿಗಿಂತ ಹೆಚ್ಚಾಗಬೇಕು. ಗಮನಿಸಿ, ಈ ಅವಧಿಯಲ್ಲಿ ಕೊರತೆ ಒಂದು ಮೂಟೆಯೂ ಹೆಚ್ಚಿಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ಕೇಗನ್ 1956ರಲ್ಲಿ ತಿಂಗಳಿಗೆ ಶೇ 50 ಮೀರಿದ ಬೆಲೆಯೇರಿಕೆಯನ್ನು ಅತಿ ಹಣದುಬ್ಬರವೆಂದು ಗುರುತಿಸಿದರು. ನಮ್ಮ ಕಲ್ಪಿತ ದೇಶ ಕೆಲವೇ ತಿಂಗಳಲ್ಲಿ ಆ ಗೆರೆ ದಾಟಿತು.

ಜರ್ಮನಿಯಲ್ಲಿ ಇದಕ್ಕೆ ಇನ್ನೊಂದು ಕೇಡು ಸೇರಿಕೊಂಡಿತು. ಇಂದು ವಿಧಿಸಿದ ತೆರಿಗೆ ಕೆಲವು ವಾರಗಳ ನಂತರ ಖಜಾನೆಗೆ ಬರುವಷ್ಟರಲ್ಲಿ ಅದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಹೀಗಾಗಿ ಕೊರತೆಯೂ ಹಿಗ್ಗುತ್ತಾ ಹೋಯಿತು. ಸಂಬಳ ಕೈಸೇರಿದೊಡನೆ ಜನ ಅಂಗಡಿಗೆ ಓಡುತ್ತಿದ್ದರು. ಎಲ್ಲರೂ ನೋಟನ್ನು ಕೈಯಿಂದ ದಾಟಿಸುವ ಆತುರದಲ್ಲಿದ್ದಾಗ, ಚಲಾವಣೆಯ ಎಲ್ಲ ನೋಟುಗಳ ನಿಜಮೌಲ್ಯ ಕುಸಿಯಿತು. ಹಾವನ್‌ಸ್ಟೈನ್ ಕಂಡ ನೋಟಿನ ಬರ ಇದೇ. ಜನ ಹಣವನ್ನು ನಂಬದೆ ಬಿಸಾಡುತ್ತಿದ್ದುದರ ಲಕ್ಷಣವನ್ನು ಅವರು ಹಣದ ಅಭಾವವೆಂದು ಓದಿಕೊಂಡರು. ಔಷಧವೆಂದು ಮತ್ತಷ್ಟು ಮುದ್ರಿಸಿದರು. ಯುದ್ಧಕ್ಕೆ ಮೊದಲು 4.2 ಮಾರ್ಕ್ ಇದ್ದ ಡಾಲರ್ ನವೆಂಬರ್ ಹೊತ್ತಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು.

ಮುದ್ರಣದಿಂದ ಬೆಲೆ ಪ್ರತಿಸಲವೂ ಹೀಗೆ ಕೈಮೀರುತ್ತದೆ ಎಂದಲ್ಲ. ಜನ ನಗದನ್ನು ಹೆಚ್ಚಾಗಿ ಇಟ್ಟುಕೊಳ್ಳಲು ಬಯಸಿದರೆ ಹೊಸ ನೋಟು ಸುಮ್ಮನೆ ಕೂರುತ್ತದೆ. ಅಪಾಯವನ್ನು ತಿಳಿಯಲು ನೋಟಿನ ಎಣಿಕೆಯೊಂದೇ ಸಾಲದು. ಆ ನೋಟುಗಳೆಲ್ಲ ಸೇರಿ ಎಷ್ಟು ಸರಕು ಕೊಳ್ಳಬಲ್ಲವು ಎಂದು ನೋಡಬೇಕು. ನೋಟು ಹೆಚ್ಚುತ್ತಲೇ ಈ ಮೊತ್ತ ಕುಗ್ಗುತ್ತಿದ್ದರೆ ಓಟ ಶುರುವಾಗಿದೆ ಎಂದರ್ಥ.

1923ರ ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂತು. ಒಂದು ಲಕ್ಷ ಕೋಟಿ ಹಳೆಯ ಮಾರ್ಕಿಗೆ ಒಂದು ಹೊಸದು. ಆದರೆ ಕಾಯಿಲೆ ವಾಸಿಯಾದದ್ದು ಸೊನ್ನೆಗಳನ್ನು ಅಳಿಸಿದ್ದರಿಂದಲ್ಲ. ಸರ್ಕಾರಕ್ಕೆ ಕೊಡುವ ಸಾಲಕ್ಕೆ 120 ಕೋಟಿಯ ಮಿತಿ ಹಾಕಲಾಯಿತು, ಡಿಸೆಂಬರ್‌ನಲ್ಲಿ ಸರ್ಕಾರ ಇನ್ನಷ್ಟು ಕೇಳಿದಾಗ ಹೊಸ ಬ್ಯಾಂಕ್ ಇಲ್ಲವೆಂದಿತು. ಸರ್ಕಾರಿ ನೌಕರರ ಸಂಖ್ಯೆಯನ್ನೂ ಕಡಿತಗೊಳಿಸಲಾಯಿತು. ಜನ ಮತ್ತೆ ನಗದನ್ನು ನಂಬಿ ಇಟ್ಟುಕೊಳ್ಳತೊಡಗಿದರು. ಮುಂದಿನ ತಿಂಗಳುಗಳಲ್ಲಿ ಚಲಾವಣೆಯ ಹಣ ಹಲವು ಪಟ್ಟು ಬೆಳೆಯಿತು. ಆದರೂ ಬೆಲೆಗಳು ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು.